ದಾನಿಗೆ ಬರೆಯುವ ಪತ್ರ: ಕನ್ನಡವೂ ಇಂಗ್ಲಿಷೂ ಸಾಲಿಗೆ ಸಾಲು ಹೊಂದಬೇಕಾ?

"ಮೇಡಂ, ನಮಸ್ಕಾರ. ನಾನು ಗುಳೇದಗುಡ್ಡದವಳು. ಬೆಳಗಾವಿಯಲ್ಲಿ ಬಿ.ಇ. ಮೂರನೇ ಸೆಮಿಸ್ಟರ್ ಓದುತ್ತಿದ್ದೇನೆ. ಅಪ್ಪ ಖಣ ನೇಯುತ್ತಾರೆ. ಈ ವರ್ಷ ಒಬ್ಬ ದಾನಿಗಳು ಟ್ರಸ್ಟ್ ಮೂಲಕ ನನ್ನ ಹಾಸ್ಟೆಲ್ ಮತ್ತು ಮೆಸ್‌ಗೆ 45,000 ರೂಪಾಯಿ ಕೊಟ್ಟಿದ್ದಾರೆ. ಅವರು ವಿಜಯಪುರದ ಕಡೆಯವರು, ಬಹಳ ವರ್ಷದಿಂದ ಅಮೆರಿಕದಲ್ಲಿದ್ದಾರೆ. ಅವರಿಗೆ ಕನ್ನಡ ಓದಲು ಬರುತ್ತದೆ, ಮಕ್ಕಳಿಗೆ ಬರುವುದಿಲ್ಲವಂತೆ. ಅದಕ್ಕೆ ಕನ್ನಡದಲ್ಲಿ ಪತ್ರ ಬರೆದು ಇಂಗ್ಲಿಷ್ ಪ್ರತಿಯನ್ನೂ ಜೊತೆಗಿಡು ಅಂತ ಟ್ರಸ್ಟ್‌ನವರು ಹೇಳಿದ್ದಾರೆ. ನಾನು ಬರೆದದ್ದನ್ನು ರೂಮ್‌ಮೇಟ್ ಇಂಗ್ಲಿಷಿಗೆ ಮಾಡಿಕೊಟ್ಟಳು. ಓದಿದರೆ ಬೇರೆ ಯಾರೋ ಬರೆದ ಹಾಗಿದೆ. ಎರಡೂ ಸಾಲಿಗೆ ಸಾಲು ಹೊಂದಲೇಬೇಕಾ? ಎರಡನೇ ಸೆಮಿಸ್ಟರ್‌ನ ಮ್ಯಾಥ್ಸ್ ಉಳಿದಿದೆ. ಅದನ್ನು ಹೇಳಿದರೆ ಮುಂದಿನ ವರ್ಷ ಕೊಡುವುದಿಲ್ಲವೇನೋ ಅಂತ ಭಯ. ಮುಂದಿನ ವರ್ಷಕ್ಕೂ ಸಹಾಯ ಬೇಕು, ಪತ್ರದಲ್ಲೇ ಕೇಳಬಹುದಾ? ಹೋದ ವರ್ಷ ಬೈಲಹೊಂಗಲದ ಅತ್ತೆ ಮನೆಯಿಂದ ಓಡಾಡಿದ್ದೆ, ದಿನಾ ಮೂರು ತಾಸು ಬಸ್ಸಲ್ಲೇ ಹೋಗುತ್ತಿತ್ತು. ಮತ್ತೆ ಹಾಗಾದರೆ ಓದುವುದು ಕಷ್ಟ. ಎರಡೂ ಪತ್ರ ಕಳಿಸಿದ್ದೇನೆ, ನೋಡಿ ಹೇಳಿ."

ಸಾಲಿಗೆ ಸಾಲು ಹೊಂದಬೇಕಿಲ್ಲ. ಹೆಸರು, ಹಣ, ವರ್ಷ, ಅಂಕ, ಹಣ ಯಾವುದಕ್ಕೆ ಬಂತು ಅನ್ನುವುದು, ಇಷ್ಟು ಎರಡರಲ್ಲೂ ಒಂದೇ ಇರಬೇಕು. ಉಳಿದದ್ದನ್ನು ಆಯಾ ಭಾಷೆಯಲ್ಲಿ ನಿಮಗೆ ಹೇಗೆ ಹೇಳಲು ಬರುತ್ತದೋ ಹಾಗೆ ಹೇಳಿ. ವಿದ್ಯಾರ್ಥಿವೇತನ ಪಡೆದ ಮಕ್ಕಳ ಪತ್ರಗಳನ್ನು ಓದಿ, ತಿದ್ದಿಸಿ, ದಾನಿಗಳಿಗೆ ಕಳಿಸುವ ಕೆಲಸವನ್ನು ನಾನು ಬಹಳ ವರ್ಷದಿಂದ ಮಾಡುತ್ತಿದ್ದೇನೆ. ವ್ಯಾಕರಣ ತಪ್ಪಿದೆ ಅಂತ ದಾನಿಗಳು ಪತ್ರ ವಾಪಸ್ ಬರೆದದ್ದು ನೆನಪಿಲ್ಲ. ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಇನ್ನೊಂದು ಇದ್ದಾಗ ಮಾತ್ರ ಪ್ರಶ್ನೆ ಬರುತ್ತದೆ.

ನಿಮ್ಮ ಎರಡು ಪತ್ರಗಳಲ್ಲೇ ಅಂಥದ್ದೊಂದು ಇದೆ. ಕನ್ನಡದಲ್ಲಿ ನೀವು "ಹಾಸ್ಟೆಲ್ ಮತ್ತು ಮೆಸ್ ಖರ್ಚಿಗೆ" ಅಂತ ಬರೆದಿದ್ದೀರಿ. ನಿಮ್ಮ ಗೆಳತಿ ಇಂಗ್ಲಿಷಿನಲ್ಲಿ ಅದನ್ನು "ಕಾಲೇಜ್ ಫೀಸ್" ಮಾಡಿದ್ದಾಳೆ. ಅವಳಿಗೆ ಎರಡೂ ಒಂದೇ ಅನ್ನಿಸಿರಬಹುದು. ಆದರೆ ಆ ಮನೆಯಲ್ಲಿ ಏನಾಗುತ್ತದೆ ನೋಡಿ. ತಂದೆ ಕನ್ನಡ ಓದಿ ಹಾಸ್ಟೆಲ್ ಅಂದುಕೊಳ್ಳುತ್ತಾರೆ. ಮಗ ಇಂಗ್ಲಿಷ್ ಓದಿ ಕಾಲೇಜಿಗೆ ಕಟ್ಟಿದ ಹಣ ಅಂದುಕೊಳ್ಳುತ್ತಾನೆ. ಹಣ ಹೋದದ್ದು ಎಲ್ಲಿಗೆ ಅಂತ ಟ್ರಸ್ಟ್‌ಗೆ ಮೇಲ್ ಬರುತ್ತದೆ. ಟ್ರಸ್ಟ್‌ನವರು ರಸೀದಿ ಹುಡುಕಿ ಕಳಿಸಬೇಕು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿಲ್ಲ, ಆದರೂ ನಿಮ್ಮ ಹೆಸರಿನ ಮುಂದೆ ಒಂದು ಅನುಮಾನ ಬಂದು ಕೂರುತ್ತದೆ. ಮೊದಲು ಇದನ್ನು ಸರಿ ಮಾಡಿ.

ಇನ್ನು ಇಂಗ್ಲಿಷ್ ಪ್ರತಿ ಬೇರೆ ಯಾರೋ ಬರೆದ ಹಾಗೆ ಕಾಣುವುದಕ್ಕೆ ಕಾರಣ ಬರೀ ನಿಮ್ಮ ಗೆಳತಿಯಲ್ಲ. ನಿಮ್ಮ ಕನ್ನಡ ಪತ್ರದಲ್ಲೇ ನೀವು ಕಡಿಮೆ ಇದ್ದೀರಿ. "ನೀವು ನಮ್ಮ ಪಾಲಿನ ದೇವರು", "ಏಳೇಳು ಜನ್ಮಕ್ಕೂ ನಿಮ್ಮ ಋಣ ತೀರಿಸಲಾರೆ", "ಬಡತನದ ಬೇಗೆಯಲ್ಲಿ ಬೆಂದ ನನಗೆ ತಂಪೆರೆದಿರಿ" ಅಂತ ಶುರುವಾಗಿ ಮುಕ್ಕಾಲು ಪುಟ ಹಾಗೇ ಹೋಗುತ್ತದೆ. ಈ ಸಾಲುಗಳು ನನಗೆ ಚೆನ್ನಾಗಿ ಪರಿಚಯ. ಹಾಸ್ಟೆಲ್‌ಗಳಲ್ಲಿ ಹಿಂದಿನ ವರ್ಷದವರ ಪತ್ರ ಕೈಯಿಂದ ಕೈಗೆ ಬರುತ್ತದೆ, ಎಲ್ಲರೂ ಅದನ್ನೇ ನೋಡಿಕೊಂಡು ಬರೆಯುತ್ತಾರೆ. ಅದೇ ಸಾಲು, ಅದೇ ಅನುಕ್ರಮ. ಕೆಲವೊಮ್ಮೆ ಹಳೆಯ ಪತ್ರದ ದಾನಿಯ ಹೆಸರೂ ಹಾಗೇ ಉಳಿದು ಬಂದಿರುತ್ತದೆ. ಒಬ್ಬರೇ ದಾನಿ ನಾಲ್ಕೈದು ಮಕ್ಕಳಿಗೆ ಕೊಡುತ್ತಿದ್ದರೆ ಅವರ ಕೈಗೆ ನಾಲ್ಕೈದು ಒಂದೇ ಥರದ ಪತ್ರ ಹೋಗುತ್ತವೆ.

ನಿಮ್ಮ ಕೃತಜ್ಞತೆ ನಿಜವಾದದ್ದು ಅನ್ನುವುದರಲ್ಲಿ ನನಗೆ ಸಂಶಯ ಇಲ್ಲ. ದೊಡ್ಡವರಿಗೆ ಹೀಗೆ ಬರೆಯುವುದು ನಮ್ಮ ಕಡೆಯ ರೂಢಿ. ವಿಜಯಪುರದಲ್ಲಿ ಬೆಳೆದ ಹಿರಿಯರು ಅದನ್ನು ಗೌರವದ ಮಾತು ಅಂತಲೇ ತೆಗೆದುಕೊಳ್ಳುತ್ತಾರೆ. ಆದರೆ "ಯೂ ಆರ್ ಅವರ್ ಗಾಡ್" ಅಂತ ಅವರ ಮಗ ಓದಿದರೆ ಅವನಿಗೆ ಆ ರೂಢಿಯ ಹಿನ್ನೆಲೆ ಇಲ್ಲ. ಮುಜುಗರ ಆಗುತ್ತದೆ. "ಬಡತನದ ಬೇಗೆ" ಇಂಗ್ಲಿಷಿಗೆ ಹೋದಾಗ ಬೆಂಕಿಯಲ್ಲಿ ಸುಡುತ್ತಿರುವ ಹಾಗೆ ಆಗಿದೆ. ನಿಮ್ಮ ಮನೆಯಲ್ಲಿ ಏನೋ ದುರಂತ ನಡೆದಿದೆ ಅಂತ ಅವನು ಹೆದರಬಹುದು. ಕನ್ನಡ ಪತ್ರದಲ್ಲಿ ಅಂಥ ಒಂದು ಸಾಲು ಇರಲಿ, ಬೇಡ ಅನ್ನುವುದಿಲ್ಲ. ಇಂಗ್ಲಿಷಿನಲ್ಲಿ ಅದರ ಜಾಗಕ್ಕೆ ಒಂದು ಸಾದಾ ಧನ್ಯವಾದ ಸಾಕು.

ಕಷ್ಟ ಜಾಸ್ತಿ ತೋರಿಸಿದಷ್ಟೂ ಒಳ್ಳೆಯದು ಅನ್ನುವ ನಂಬಿಕೆಯೂ ಮಕ್ಕಳಲ್ಲಿದೆ. "ನೀವಿಲ್ಲದಿದ್ದರೆ ನಾನು ಓದು ಬಿಡುತ್ತಿದ್ದೆ" ಅಂತ ನೀವೂ ಬರೆದಿದ್ದೀರಿ. ಅದು ನಿಜವಾ? ನೀವೇ ನನಗೆ ಬರೆದ ಪ್ರಕಾರ ಮತ್ತೆ ಅತ್ತೆ ಮನೆಯಿಂದ ಬಸ್ಸಲ್ಲಿ ಓಡಾಡುತ್ತಿದ್ದಿರಿ. ಕಷ್ಟ ಆಗುತ್ತಿತ್ತು, ಓದು ನಿಲ್ಲುತ್ತಿರಲಿಲ್ಲ. ಹಾಗಿದ್ದರೆ ಆ ಸಾಲು ತೆಗೆಯಿರಿ. ಅರ್ಜಿಯಲ್ಲಿ ನಿಮ್ಮ ಮನೆಯ ಆದಾಯ, ಅಪ್ಪನ ಕೆಲಸ ಎಲ್ಲ ಕೊಟ್ಟಾಗಿದೆ, ದಾನಿ ಅದನ್ನು ನೋಡಿಯೇ ಒಪ್ಪಿರುತ್ತಾರೆ. ಪತ್ರದಲ್ಲಿ ಮತ್ತೆ ಬಡತನ ಸಾಬೀತು ಮಾಡಬೇಕಿಲ್ಲ. ಬರೆದದ್ದನ್ನು ಅಪ್ಪನ ಮುಂದೆ ಗಟ್ಟಿಯಾಗಿ ಓದಿ ನೋಡಿ. ಅವರಿಗೆ ತಲೆ ತಗ್ಗಿಸುವಂತೆ ಮಾಡುವ ಸಾಲು ಇದ್ದರೆ ಅದು ಪತ್ರದಲ್ಲಿ ಇರಬಾರದು.

ಹಾಗಾದರೆ ಏನು ಬರೆಯುವುದು? ನಿಮ್ಮ ಬಳಿ ಬಹಳ ಒಳ್ಳೆಯ ಸಂಗತಿ ಇದೆ, ಆದರೆ ಅದು ಎರಡೂ ಪತ್ರಗಳಲ್ಲಿ ಇಲ್ಲ. ನನಗೆ ಕೇಳಿದ ಪ್ರಶ್ನೆಯ ಕೊನೆಯಲ್ಲಿ ಹಾಗೇ ಹೇಳಿ ಬಿಟ್ಟಿದ್ದೀರಿ. ಹೋದ ವರ್ಷ ಬೈಲಹೊಂಗಲದಿಂದ ದಿನಾ ಮೂರು ತಾಸು ಬಸ್ಸು. ಈ ವರ್ಷ ಅದು ಇಲ್ಲ. ದಾನಿಯ 45,000 ರೂಪಾಯಿ ನಿಮಗೆ ಕೊಟ್ಟದ್ದು ಆ ಮೂರು ತಾಸು. ಹಣ ಕೊಟ್ಟವರಿಗೆ ತಿಳಿಯಬೇಕಾದದ್ದು ಇದೇ ಅಲ್ವಾ? ಹೊಗಳಿಕೆಯ ಮುಕ್ಕಾಲು ಪುಟಕ್ಕಿಂತ ಈ ಎರಡು ಸಾಲು ಅವರಿಗೆ ಹೆಚ್ಚು ಹೇಳುತ್ತವೆ. ಮತ್ತೆ ಇದು ಇಂಗ್ಲಿಷಿಗೆ ಹೋಗುವಾಗ ಕೆಡುವುದೂ ಇಲ್ಲ. ಬಸ್ಸು, ತಾಸು, ಕತ್ತಲು, ಲೈಬ್ರರಿ, ಇವಕ್ಕೆ ಯಾವ ಭಾಷೆಯಲ್ಲೂ ಅಲಂಕಾರ ಬೇಡ.

ನೀವು ಕೊಟ್ಟ ಸಂಗತಿಗಳಿಂದಲೇ ಕನ್ನಡ ಪತ್ರ ಹೇಗಿರಬಹುದು ಅಂತ ಬರೆದು ತೋರಿಸುತ್ತೇನೆ. ಕಾಲೇಜು ಬಿಟ್ಟ ಮೇಲೆ ಏನು ಮಾಡುತ್ತೀರಿ, ಹಣ ಯಾವ ತಿಂಗಳು ಬಂತು, ಉಳಿದ ವಿಷಯಗಳ ಫಲಿತಾಂಶ ಏನು ಅನ್ನುವುದು ನನ್ನ ಊಹೆ. ಅಲ್ಲಿ ನಿಮ್ಮದನ್ನು ಹಾಕಿ.

"ಮಾನ್ಯರಿಗೆ ಸಾದರ ನಮಸ್ಕಾರಗಳು.

ನಾನು ಗುಳೇದಗುಡ್ಡದವಳು. ಅಪ್ಪ ಖಣ ನೇಯುತ್ತಾರೆ. ಬೆಳಗಾವಿಯಲ್ಲಿ ಬಿ.ಇ. ಎರಡನೇ ವರ್ಷ ಓದುತ್ತಿದ್ದೇನೆ. ಈ ವರ್ಷದ ಹಾಸ್ಟೆಲ್ ಮತ್ತು ಮೆಸ್ ಖರ್ಚಿಗೆ ನೀವು ಕೊಟ್ಟ 45,000 ರೂಪಾಯಿ ಆಗಸ್ಟ್ ತಿಂಗಳಲ್ಲಿ ಟ್ರಸ್ಟ್ ಮೂಲಕ ಸಂದಾಯವಾಗಿದೆ. ನಿಮಗೆ ಮನಸಾರೆ ಧನ್ಯವಾದಗಳು.

ಹೋದ ವರ್ಷ ನಾನು ಬೈಲಹೊಂಗಲದ ಅತ್ತೆ ಮನೆಯಲ್ಲಿದ್ದೆ. ದಿನಾ ಹೋಗಿ ಬರಲು ಮೂರು ತಾಸು ಬಸ್ಸಿನಲ್ಲೇ ಕಳೆಯುತ್ತಿತ್ತು. ಮನೆ ಮುಟ್ಟುವಾಗ ಕತ್ತಲಾಗಿರುತ್ತಿತ್ತು. ಈಗ ಕಾಲೇಜು ಬಿಟ್ಟ ಮೇಲೆ ಲೈಬ್ರರಿಯಲ್ಲಿ ಕೂತು ಓದುತ್ತೇನೆ. ಲೆಕ್ಕ ತಿಳಿಯದಿದ್ದರೆ ಹಾಸ್ಟೆಲ್‌ನಲ್ಲಿ ಕೇಳಲು ಗೆಳತಿಯರಿದ್ದಾರೆ.

ಎರಡನೇ ಸೆಮಿಸ್ಟರ್‌ನ ಗಣಿತದ ಪೇಪರ್‌ನಲ್ಲಿ ನಾನು ಪಾಸಾಗಿಲ್ಲ. ಬರುವ ಪರೀಕ್ಷೆಯಲ್ಲಿ ಮತ್ತೆ ಬರೆಯುತ್ತೇನೆ, ಅದಕ್ಕೆ ದಿನಾ ಸಂಜೆ ಓದುತ್ತಿದ್ದೇನೆ. ಉಳಿದ ವಿಷಯಗಳೆಲ್ಲ ಪಾಸಾಗಿವೆ. ನನ್ನ ಓದು 2028ಕ್ಕೆ ಮುಗಿಯುತ್ತದೆ.

ನನ್ನ ಮುಖ ನೋಡದೆ ನಂಬಿ ಕೊಟ್ಟಿದ್ದೀರಿ. ಈ ಉಪಕಾರವನ್ನು ನಾವು ಮರೆಯುವುದಿಲ್ಲ. ಅಪ್ಪ, ಅವ್ವ ನಿಮಗೂ ನಿಮ್ಮ ಮನೆಯವರಿಗೂ ನಮಸ್ಕಾರ ತಿಳಿಸಿದ್ದಾರೆ.

ಇಂತಿ ನಿಮ್ಮ ವಿಶ್ವಾಸಿ"

ಮೇಲೆ ದಾನಿಯ ಹೆಸರು, ತಾರೀಖು, ಕೆಳಗೆ ನಿಮ್ಮ ಹೆಸರು, ಸಹಿ. ಇಷ್ಟೇ. ಒಂದು ಪುಟ ಕೂಡ ತುಂಬುವುದಿಲ್ಲ, ತುಂಬಬೇಕಿಲ್ಲ.

ಈಗ ಇಂಗ್ಲಿಷ್ ಪ್ರತಿಗೆ ಬನ್ನಿ. ಕನ್ನಡ ಹಾಳೆಯನ್ನು ಪಕ್ಕಕ್ಕಿಟ್ಟು, ಇದೇ ಸಂಗತಿಗಳನ್ನು ನಿಮಗೆ ಬರುವ ಇಂಗ್ಲಿಷಿನಲ್ಲಿ ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆಯಿರಿ. ಸಂಬೋಧನೆಯಲ್ಲಿ "ರೆಸ್ಪೆಕ್ಟೆಡ್ ಸರ್" ಬೇಡ. ನಮ್ಮ ಆಫೀಸುಗಳಿಗೆ ಅದು ಸರಿ, ಆದರೆ ಇದು ಒಂದು ಮನೆಗೆ ಹೋಗುವ ಪತ್ರ. "ಡಿಯರ್ ಮಿಸ್ಟರ್" ಅಂತ ಹಾಕಿ ಮನೆತನದ ಹೆಸರು ಬರೆಯಿರಿ. ನಮ್ಮ ಭಾಗದವರಿಗೆ ಅಡ್ಡಹೆಸರು ಇರುವುದರಿಂದ ಇದು ಸುಲಭ. ಡಾಕ್ಟರ್ ಆಗಿದ್ದರೆ ಡಾಕ್ಟರ್ ಅಂತ ಬರೆಯಿರಿ. ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಹಣ ಬಂದಿದ್ದರೆ ಇಬ್ಬರ ಹೆಸರೂ ಇರಲಿ, ಇದನ್ನು ಮಕ್ಕಳು ಬಹಳ ಸಲ ಮರೆಯುತ್ತಾರೆ. ಹೆಸರಿನ ಸ್ಪೆಲ್ಲಿಂಗ್ ಅಂದಾಜಿನಲ್ಲಿ ಬರೆಯಬೇಡಿ, ಟ್ರಸ್ಟ್ ಕೊಟ್ಟ ಪತ್ರದಲ್ಲಿ ಇದ್ದ ಹಾಗೇ ನಕಲು ಮಾಡಿ. ಹೆಸರು ಹಾಕಿ ಶುರು ಮಾಡಿದ ಪತ್ರವನ್ನು "ಯುವರ್ಸ್ ಸಿನ್ಸಿಯರ್ಲಿ" ಅಂತ ಮುಗಿಸುವುದು ವಾಡಿಕೆ.

ಮೊದಲ ಪ್ಯಾರಾದಲ್ಲಿ ಇಂಗ್ಲಿಷ್ ಪತ್ರ ಕನ್ನಡಕ್ಕಿಂತ ಸ್ವಲ್ಪ ಉದ್ದ ಆಗಬೇಕು. "ಅಪ್ಪ ಖಣ ನೇಯುತ್ತಾರೆ" ಅಂದರೆ ವಿಜಯಪುರದ ಹಿರಿಯರಿಗೆ ಗುಳೇದಗುಡ್ಡದ ಮಗ್ಗಗಳು, ಅವರ ತಾಯಿ ತೊಡುತ್ತಿದ್ದ ಕುಪ್ಪಸ ಎಲ್ಲ ಕಣ್ಣ ಮುಂದೆ ಬರುತ್ತವೆ. ಮಕ್ಕಳಿಗೆ ಏನೂ ಬರುವುದಿಲ್ಲ. ಅವರಿಗೆ ಗುಳೇದಗುಡ್ಡ ಬಾಗಲಕೋಟೆ ಜಿಲ್ಲೆಯ ಒಂದು ನೇಕಾರರ ಊರು, ಖಣ ಅಂದರೆ ಕುಪ್ಪಸಕ್ಕೆ ಬಳಸುವ ಬಟ್ಟೆ, ಅಂತ ಅರ್ಧ ವಾಕ್ಯ ಸೇರಿಸಿ. ಕೈಮಗ್ಗವಾದರೆ ಕೈಮಗ್ಗ, ಪವರ್‌ಲೂಮ್ ಆದರೆ ಪವರ್‌ಲೂಮ್, ಇದ್ದದ್ದೇ ಇರಲಿ. ಊರಿನ ಹೆಸರುಗಳ ವಿಷಯದಲ್ಲೂ ಹೀಗೇ. ಬೆಳಗಾಂ, ಬಿಜಾಪುರ ಅನ್ನುವ ಹೆಸರುಗಳು ಸರ್ಕಾರಿ ದಾಖಲೆಯಲ್ಲಿ ಬೆಳಗಾವಿ, ವಿಜಯಪುರ ಆದದ್ದು 2014ರ ನವೆಂಬರ್ 1ರಂದು. ಅದಕ್ಕೂ ಮೊದಲು ಹೋದವರ ಮನೆಯಲ್ಲಿ ಮಕ್ಕಳು ಕೇಳಿ ಬೆಳೆದದ್ದು ಹಳೆಯ ಹೆಸರು. ಮೊದಲ ಸಲ ಬೆಳಗಾವಿ ಅಂತ ಬರೆದಾಗ ಪಕ್ಕದಲ್ಲಿ ಹಳೆಯ ಹೆಸರನ್ನೂ ಕೊಟ್ಟರೆ ಅವರಿಗೆ ಗೊತ್ತಾಗುತ್ತದೆ.

ಹಣವನ್ನು ರೂಪಾಯಿಯಲ್ಲೇ ಬಿಡಿ. ಡಾಲರ್ ಲೆಕ್ಕ ಮಾಡಲು ಹೋಗಬೇಡಿ. ರೇಟು ದಿನಾ ಬದಲಾಗುತ್ತದೆ, ಅವರು ಕಳಿಸಿದ ದಿನದ ಲೆಕ್ಕಕ್ಕೂ ನಿಮ್ಮದಕ್ಕೂ ಹೊಂದುವುದಿಲ್ಲ. ತಾರೀಖಿನಲ್ಲಿ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. 05-08 ಅಂದರೆ ನಮಗೆ ಆಗಸ್ಟ್ 5, ಅಮೆರಿಕದಲ್ಲಿ ಮೇ 8. ಅಂಕ ಹೇಳುವುದಾದರೆ "10ಕ್ಕೆ ಇಷ್ಟು" ಅಂತ ಪೂರ್ತಿ ಹೇಳಿ. ಅಲ್ಲಿನ ಕಾಲೇಜುಗಳಲ್ಲಿ ಸಾಮಾನ್ಯವಾಗಿ 4ಕ್ಕೆ ಲೆಕ್ಕ ಹಾಕುತ್ತಾರೆ. ಬರೀ 7.2 ಅಂತ ಇದ್ದರೆ ಅವರಿಗೆ ತಲೆಬುಡ ಗೊತ್ತಾಗುವುದಿಲ್ಲ.

ಬಸ್ಸಿನ ಪ್ಯಾರಾ ಇಂಗ್ಲಿಷಿನಲ್ಲಿ ಹೆಚ್ಚು ಕಡಿಮೆ ಕನ್ನಡದ ಹಾಗೇ ಬರುತ್ತದೆ. "ಲಾಸ್ಟ್ ಇಯರ್ ಐ ಸ್ಪೆಂಟ್ ತ್ರೀ ಅವರ್ಸ್ ಎ ಡೇ ಆನ್ ದ ಬಸ್" ಅಂದರೆ ಮುಗಿಯಿತು. ಇದು ನಿಮಗೆ ಬರುವ ಇಂಗ್ಲಿಷೇ. ನಿಮ್ಮ ಗೆಳತಿ ಹಾಕಿದ ದೊಡ್ಡ ದೊಡ್ಡ ಪದಗಳಲ್ಲಿ ಅರ್ಧದಷ್ಟು ನೀವು ಬಾಯಲ್ಲಿ ಎಂದೂ ಆಡಿರಲಿಕ್ಕಿಲ್ಲ. ಕಠಿಣ ಇಂಗ್ಲಿಷ್ ಬರೆದರೆ ಗೌರವ ಜಾಸ್ತಿ ಅನ್ನುವುದು ತಪ್ಪು ತಿಳಿವಳಿಕೆ. ಮುಂದೆ ಎಂದಾದರೂ ದಾನಿಯ ಮನೆಯವರು ಫೋನಿನಲ್ಲೋ ವಿಡಿಯೋದಲ್ಲೋ ನಿಮ್ಮ ಜೊತೆ ಮಾತಾಡಿದರೆ, ಪತ್ರದಲ್ಲಿದ್ದ ಹುಡುಗಿಯೇ ಎದುರಿಗಿದ್ದಾಳೆ ಅನ್ನಿಸಬೇಕು.

ಕೊನೆಯ ಪ್ಯಾರಾ ಇಂಗ್ಲಿಷಿನಲ್ಲಿ ಚಿಕ್ಕದಾಗುತ್ತದೆ. "ಯೂ ಹೆಲ್ಪ್ಡ್ ಮಿ ವಿದೌಟ್ ಎವರ್ ಮೀಟಿಂಗ್ ಮಿ. ಥ್ಯಾಂಕ್ ಯೂ." ಅದರ ಕೆಳಗೆ ಅಪ್ಪ ಅವ್ವನ ನಮಸ್ಕಾರ. ಕನ್ನಡದಲ್ಲಿ ಇದ್ದ "ಉಪಕಾರ ಮರೆಯುವುದಿಲ್ಲ" ಅನ್ನುವ ಸಾಲು ಇಲ್ಲಿ ಇಲ್ಲದಿದ್ದರೆ ಏನೂ ಕೊರತೆ ಆಗುವುದಿಲ್ಲ.

ಮ್ಯಾಥ್ಸ್ ವಿಷಯ. ಹೇಳಿ ಅಂತಲೇ ನನ್ನ ಸಲಹೆ. ಹೇಳದೇ ಇರುವುದು ಸುಳ್ಳಲ್ಲ, ಪತ್ರ ಅಂಕಪಟ್ಟಿಯೂ ಅಲ್ಲ. ಆದರೆ ನವೀಕರಣದ ಅರ್ಜಿ ಹಾಕುವಾಗ ಟ್ರಸ್ಟ್‌ಗಳು ಸಾಮಾನ್ಯವಾಗಿ ಅಂಕಪಟ್ಟಿ ಕೇಳುತ್ತವೆ, ಅದು ದಾನಿಗೆ ಹೋಗುವುದೂ ಉಂಟು. "ಓದು ಚೆನ್ನಾಗಿ ನಡೆದಿದೆ" ಅಂತ ಪತ್ರದಲ್ಲಿ ಓದಿದವರು ಆಮೇಲೆ ಅಂಕಪಟ್ಟಿ ನೋಡಿದರೆ ಮನಸ್ಸಿಗೆ ಕಸಿವಿಸಿ ಆಗುತ್ತದೆ. ಉಳಿದ ಪೇಪರ್‌ಗಿಂತ ಮುಚ್ಚಿಟ್ಟದ್ದೇ ದೊಡ್ಡದಾಗುತ್ತದೆ. ಹೇಳುವುದರಲ್ಲೂ ಅಪಾಯ ಇಲ್ಲ ಅಂತಲ್ಲ. ಕೆಲವು ವಿದ್ಯಾರ್ಥಿವೇತನಗಳಿಗೆ ಎಲ್ಲ ವಿಷಯ ಪಾಸಾಗಿರಬೇಕು ಅನ್ನುವ ನಿಯಮ ಇರುತ್ತದೆ. ನಿಮ್ಮದಕ್ಕೆ ಇದೆಯಾ ಅಂತ ಮಂಜೂರಾತಿ ಪತ್ರದಲ್ಲಿ ನೋಡಿ. ನಿಯಮ ಇದ್ದರೆ ಮೊದಲು ಟ್ರಸ್ಟ್‌ಗೆ ಹೋಗಿ ಹೇಳಿ, ಆಮೇಲೆ ಪತ್ರ ಕೊಡಿ. ದಾನಿಗೆ ಗೊತ್ತಾಗಿ ಟ್ರಸ್ಟ್‌ಗೆ ಗೊತ್ತಿಲ್ಲದ ಹಾಗೆ ಆಗಬಾರದು.

ಹೇಳುವಾಗ ನೆಪ ಬೇಡ. ಹೋದ ವರ್ಷದ ಬಸ್ಸಿನ ಮಾತು ಮೇಲಿನ ಪ್ಯಾರಾದಲ್ಲಿ ಬಂದಿದೆ. ಅದಕ್ಕೇ ಫೇಲಾದೆ ಅಂತ ಮತ್ತೆ ಹೇಳಬೇಕಿಲ್ಲ, ಓದಿದವರಿಗೆ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ "ಬ್ಯಾಕ್‌ಲಾಗ್" ಅಂತ ಬರೆಯಬೇಡಿ, ಅಲ್ಲಿ ಹುಟ್ಟಿ ಬೆಳೆದವರಿಗೆ ಅದು ಬಾಕಿ ಬಿದ್ದ ಕೆಲಸ ಅಂತ ಕೇಳಿಸುತ್ತದೆ. ಒಂದು ಪೇಪರ್ ಪಾಸಾಗಲಿಲ್ಲ, ಇಂಥ ತಿಂಗಳು ಮತ್ತೆ ಬರೆಯುತ್ತೇನೆ, ಅಷ್ಟು ಸಾಕು.

ಮುಂದಿನ ವರ್ಷದ ಹಣವನ್ನು ಮಾತ್ರ ಈ ಪತ್ರದಲ್ಲಿ ಕೇಳಬೇಡಿ. ನಿಮ್ಮ ಅಗತ್ಯ ನಿಜವಾದದ್ದೇ, ಆದರೆ ಅದಕ್ಕೆ ದಾರಿ ಬೇರೆ. ಧನ್ಯವಾದದ ಕೊನೆಯಲ್ಲಿ ಬೇಡಿಕೆ ಬಂದರೆ ಮೇಲಿನದೆಲ್ಲ ಅದಕ್ಕೆ ಪೀಠಿಕೆ ಅನ್ನಿಸುತ್ತದೆ. ದಾನಿಗೆ ಆ ವರ್ಷ ಕೊಡಲು ಆಗದಿದ್ದರೆ ಇಲ್ಲ ಅನ್ನುವ ಸಂಕಟ. ಟ್ರಸ್ಟ್‌ಗೂ ಇಕ್ಕಟ್ಟು. ಯಾರಿಗೆ ಎಷ್ಟು ಅಂತ ತೀರ್ಮಾನ ಮಾಡುವವರು ಅವರು, ನೇರವಾಗಿ ಕೇಳುವುದನ್ನು ಬಹಳ ಕಡೆ ಒಪ್ಪುವುದೂ ಇಲ್ಲ. ಅದಕ್ಕೇ ಮಾದರಿಯಲ್ಲಿ "ನನ್ನ ಓದು 2028ಕ್ಕೆ ಮುಗಿಯುತ್ತದೆ" ಅಂತ ಒಂದೇ ಸಾಲು ಇಟ್ಟಿದ್ದೇನೆ. ಇನ್ನೂ ಎಷ್ಟು ವರ್ಷ ಇದೆ ಅನ್ನುವುದು ಅದರಿಂದ ತಿಳಿಯುತ್ತದೆ, ಯಾರ ಕೈಯನ್ನೂ ಕಟ್ಟಿಹಾಕುವುದಿಲ್ಲ. ಸಹಾಯ ಕೇಳಲು ನವೀಕರಣದ ಅರ್ಜಿ ಇದೆ. ಯಾವಾಗ ಕರೆಯುತ್ತಾರೆ ಅಂತ ಟ್ರಸ್ಟ್ ಆಫೀಸಿನಲ್ಲಿ ಈಗಲೇ ಕೇಳಿಟ್ಟುಕೊಳ್ಳಿ. ನಿಮ್ಮ ಇಂಗ್ಲಿಷ್ ಪ್ರತಿಯ ಕೆಳಗೆ ಬ್ಯಾಂಕ್ ಖಾತೆ ನಂಬರ್ ಬರೆದಿದ್ದೀರಿ, ಅದನ್ನು ತೆಗೆಯಿರಿ. ಪತ್ರ ಎಷ್ಟು ಜನರ ಕೈ ದಾಟುತ್ತದೆ ಅಂತ ನಿಮಗೆ ಗೊತ್ತಿರುವುದಿಲ್ಲ. ಆಧಾರ್ ನಂಬರ್, ಮನೆಯವರ ಫೋನ್ ನಂಬರ್ ಕೂಡ ಬೇಡ.

ಇಂಗ್ಲಿಷನ್ನು ಯಾರು ಬರೆಯಬೇಕು ಅನ್ನುವುದಕ್ಕೆ: ನೀವೇ ಬರೆದು, ಒಬ್ಬ ಇಂಗ್ಲಿಷ್ ಟೀಚರ್‌ಗೆ ತೋರಿಸಿ. "ತಪ್ಪು ತಿದ್ದಿ, ಪದ ಬದಲಿಸಬೇಡಿ" ಅಂತ ಕೇಳಿಕೊಳ್ಳಿ. ಒಳ್ಳೆಯ ಮನಸ್ಸಿನಿಂದಲೇ ಟೀಚರ್‌ಗಳು ಕೆಲವೊಮ್ಮೆ ಇಡೀ ಪತ್ರ ಹೊಸದಾಗಿ ಬರೆದುಬಿಡುತ್ತಾರೆ. ಗೆಳತಿಯೇ ಮಾಡಿಕೊಡುವುದಾದರೆ ತಪ್ಪಿಲ್ಲ. ಕೆಳಗೆ "ಕನ್ನಡದಿಂದ ಇಂಗ್ಲಿಷಿಗೆ ನನ್ನ ಗೆಳತಿ ಮಾಡಿದ್ದು" ಅಂತ ಒಂದು ಸಾಲು ಹಾಕಿ. ಯಾರು ಬರೆದರೂ ಕೊನೆಗೆ ಒಂದು ಪರೀಕ್ಷೆ ಮಾಡಿ. ಇಂಗ್ಲಿಷ್ ಪ್ರತಿಯನ್ನು ನೋಡಿಕೊಂಡು ಹಾಸ್ಟೆಲ್‌ನಲ್ಲಿ ಯಾರಿಗಾದರೂ ಕನ್ನಡದಲ್ಲಿ ಹೇಳಿ, ಅವರು ಕನ್ನಡ ಪತ್ರ ಹಿಡಿದುಕೊಂಡು ಕೇಳಲಿ. ಹಾಸ್ಟೆಲ್ ಎಲ್ಲಿ ಕಾಲೇಜ್ ಫೀಸ್ ಆಗಿದೆ ಅನ್ನುವುದು ಅಲ್ಲೇ ಸಿಕ್ಕಿಬೀಳುತ್ತದೆ.

ಕನ್ನಡ ಪತ್ರವನ್ನು ಕೈಯಲ್ಲೇ ಬರೆಯಿರಿ, ನಿಮ್ಮ ಅಕ್ಷರ ಚೆನ್ನಾಗಿದೆ. ಬಿಳಿ ಹಾಳೆ, ನೀಲಿ ಅಥವಾ ಕಪ್ಪು ಪೆನ್ನು, ಒಂದೇ ಬದಿ. ಹಿರಿಯರು ಕನ್ನಡ ಓದಿ ಬಹಳ ದಿನ ಆಗಿರಬಹುದು, ಅದಕ್ಕೆ ಅಕ್ಷರ ಸ್ವಲ್ಪ ದೊಡ್ಡದಾಗಿರಲಿ. ಫೋನಿನಲ್ಲಿ ಸ್ಕ್ಯಾನ್ ಮಾಡುವಾಗ ಹಗಲು ಬೆಳಕಿನಲ್ಲಿ ಮಾಡಿ, ನಿಮ್ಮ ನೆರಳು ಹಾಳೆಯ ಮೇಲೆ ಬೀಳದಂತೆ ನೋಡಿಕೊಳ್ಳಿ. ಇಂಗ್ಲಿಷನ್ನು ಬೇರೆ ಹಾಳೆಯಲ್ಲಿ ಟೈಪ್ ಮಾಡಿ ಎರಡನ್ನೂ ಒಂದೇ ಪಿಡಿಎಫ್ ಮಾಡಿ, ಕನ್ನಡ ಮೊದಲು. ಟ್ರಸ್ಟ್‌ನವರು ಕನ್ನಡವನ್ನೂ ಟೈಪ್ ಮಾಡಿ ಕೊಡಿ ಅಂದರೆ ಯೂನಿಕೋಡ್‌ನಲ್ಲಿ ಮಾಡಿಸಿ. ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ವರ್ಡ್ ಫೈಲ್ ಕಳಿಸಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ನಿಮ್ಮ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಕಳಿಸುವ ಮೊದಲು ಫೈಲನ್ನು ಬೇರೆಯವರ ಫೋನಿನಲ್ಲಿ ಒಮ್ಮೆ ತೆರೆದು ನೋಡಿ, ಆಮೇಲೆ ಟ್ರಸ್ಟ್ ಆಫೀಸಿಗೆ ಕೊಡಿ.